ಸೊನ್ನೆ ಡಾಲರ್ ಬಾಡಿಗೆ, ಉಬ್ಬಿದ ಪೆಟ್ಟಿಗೆ

2023ರಲ್ಲಿ ಮೊದಲ ಸಲ ಹ್ಯಾಂಬರ್ಗ್‌ಗೆ ಮಾಲು ಕಳಿಸುವಾಗ ಫಾರ್ವರ್ಡರ್‌ನಿಂದ, ಅಂದರೆ ಸಾಗಣೆಯ ಏರ್ಪಾಡು ಮಾಡುವವರಿಂದ, ನನ್ನ ಕೈಗೆ ಬಂದ ಕೋಟ್‌ನಲ್ಲಿ ಸಮುದ್ರದ ಬಾಡಿಗೆ ಸೊನ್ನೆ ಡಾಲರ್ ಎಂದಿತ್ತು. ಟೈಪಿಂಗ್ ತಪ್ಪಿರಬೇಕೆಂದು ಫೋನ್ ಮಾಡಿ ಕೇಳಿದೆ. ‘ಇಲ್ಲ ಸರ್, ಈ ವಾರ ಆಫರ್ ಇದೆ’ ಅಂದರು. ಬಳ್ಳಾರಿಯಿಂದ ಹುಬ್ಬಳ್ಳಿಗೆ ನಾಲ್ಕು ಗಂಟು ಕಳಿಸಿದರೂ ಪಾರ್ಸೆಲ್ ಆಫೀಸಿನವನು ಬಿಡಿಗಾಸು ಬಿಡುವುದಿಲ್ಲ. ಇವರು ಜರ್ಮನಿಗೆ ಪುಕ್ಕಟೆ ಒಯ್ಯುತ್ತಾರಂತೆ! ಖುಷಿಯಲ್ಲಿ ಒಪ್ಪಿಕೊಂಡೆ.

ನಮ್ಮದು ಕೌಲ್ ಬಜಾರಿನ ಕಡೆ ಇರುವ ಸಣ್ಣ ಜೀನ್ಸ್ ಘಟಕ. ಕಟಿಂಗ್ ಮತ್ತು ಹೊಲಿಗೆ ನಮ್ಮಲ್ಲೇ ಆಗುತ್ತದೆ, ವಾಷಿಂಗ್ ಹೊರಗಡೆ. ಆ ಸಲ ಹೋದದ್ದು 20 ಪೆಟ್ಟಿಗೆ, 600 ಪ್ಯಾಂಟು. ಕರಾರು ಸಿಐಎಫ್ ಹ್ಯಾಂಬರ್ಗ್, ಅಂದರೆ ಅಲ್ಲಿನ ಬಂದರಿನವರೆಗೆ ಬಾಡಿಗೆಯೂ ವಿಮೆಯೂ ನನ್ನ ಲೆಕ್ಕ. ಬಾಡಿಗೆ ಸೊನ್ನೆಯಾದ್ದರಿಂದ ನಾಲ್ಕು ಕಾಸು ಉಳಿಯಿತು ಅಂದುಕೊಂಡೆ. ಎರಡು ತಿಂಗಳು ಕಳೆದು ಖರೀದಿದಾರರಿಂದ ಮೇಲ್ ಬಂತು. ಜೊತೆಗೆ ಅಲ್ಲಿಯ ಏಜೆಂಟ್ ಹಾಕಿದ ಬಿಲ್ಲು: ಘನ ಮೀಟರಿಗೆ 92 ಯೂರೋ ಲೆಕ್ಕದಲ್ಲಿ ನಿರ್ವಹಣೆ ಶುಲ್ಕ, ಮೇಲೆ ಮಾಲು ಬಿಡಿಸಿಕೊಳ್ಳಲು ಬೇಕಾದ ಡೆಲಿವರಿ ಆರ್ಡರಿಗೆ 85. ಒಟ್ಟು 310 ಯೂರೋ. ಪ್ಯಾಂಟಿಗೆ ಅರ್ಧ ಯೂರೋ ಬಿತ್ತು. ಮೇಲ್‌ನಲ್ಲಿ ಬೈಗುಳ ಇರಲಿಲ್ಲ, ಒಂದೇ ಪ್ರಶ್ನೆ ಇತ್ತು: ಬಾಡಿಗೆ ನಿಮ್ಮದು ಅಂದಿರಿ, ಹಾಗಾದರೆ ಇದು ಯಾರದ್ದು?

ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದಾಗಲೇ ಸೊನ್ನೆಯ ಗುಟ್ಟು ತಿಳಿದದ್ದು. ಕಂಟೇನರ್ ತುಂಬುವಷ್ಟು ಮಾಲಿಲ್ಲದ ನಮ್ಮಂಥವರ ಸರಕನ್ನು ಹತ್ತಾರು ಜನರ ಸರಕಿನ ಜೊತೆ ಸೇರಿಸಿ ಒಂದೇ ಕಂಟೇನರಿನಲ್ಲಿ ಕಳಿಸುತ್ತಾರೆ. ಇದಕ್ಕೆ ಎಲ್‌ಸಿಎಲ್ ಎನ್ನುತ್ತಾರೆ. ಹೀಗೆ ಸೇರಿಸುವವನು ಇತ್ತ ಕಡೆ ಬಾಡಿಗೆ ಇಳಿಸಿ ಸರಕು ಎಳೆದುಕೊಳ್ಳುತ್ತಾನೆ. ಅತ್ತ ಕಡೆ ಇರುವ ಅವನ ಜೊತೆಗಾರ, ಮಾಲು ಬಿಡಿಸಿಕೊಳ್ಳಲು ಬರುವವನಿಂದ ಆ ಹಣ ಎತ್ತುತ್ತಾನೆ. ಮಾಲು ಅವನ ಗೋದಾಮಿನಲ್ಲಿ ಕೂತಿರುವಾಗ ಚೌಕಾಸಿ ಮಾಡುವುದು ಹೇಗೆ? ಕೆಲವೊಮ್ಮೆ ಬಾಡಿಗೆ ಸೊನ್ನೆಗಿಂತಲೂ ಕೆಳಗಿಳಿದು, ಸರಕು ಕೊಟ್ಟವರಿಗೇ ತಿರುಗಿ ದುಡ್ಡು ಕೊಡುವುದೂ ಉಂಟು. ನಾನು ದರ ಕೇಳಿದ್ದು ಅರ್ಧ ದಾರಿಗೆ ಮಾತ್ರ. ಉಳಿದರ್ಧದ ದರವನ್ನು ಯಾರೂ ಮುಚ್ಚಿಟ್ಟಿರಲಿಲ್ಲ, ನಾನೇ ಕೇಳಿರಲಿಲ್ಲ. ಕೋಟ್‌ನ ಕೊನೆಯ ಸಾಲಿನಲ್ಲಿ ‘ತಲುಪುವ ಕಡೆಯ ಶುಲ್ಕ ಆಕ್ಚುಅಲ್ಸ್ ಪ್ರಕಾರ’, ಅಂದರೆ ಆಗ ಎಷ್ಟಾಗುತ್ತದೋ ಅಷ್ಟು, ಅಂತ ಸಣ್ಣಕ್ಷರದಲ್ಲಿ ಇದ್ದೇ ಇತ್ತು.

2024ರಲ್ಲಿ ಅದೇ ಖರೀದಿದಾರರಿಂದ 1,800 ಪ್ಯಾಂಟಿನ ಆರ್ಡರ್ ಬಂತು. ಈ ಸಲ ದರ ಕೇಳುವ ಕೆಲಸವನ್ನು ಬಟ್ಟೆ ಕೊಳ್ಳುವಷ್ಟೇ ಜಾಗ್ರತೆಯಿಂದ ಮಾಡಬೇಕು ಅಂದುಕೊಂಡೆ.

ಮೊದಲು ಅಳತೆ. ಪ್ಯಾಂಟು 30ರಂತೆ 60 ಪೆಟ್ಟಿಗೆ. ರಟ್ಟಿನ ಪೆಟ್ಟಿಗೆ ಮಾಡುವವನ ಬಿಲ್ಲಿನಲ್ಲಿ 60×40×40 ಸೆಂಟಿಮೀಟರ್ ಎಂದಿತ್ತು. ಹೋದ ಸಲ ಅದನ್ನೇ ಫಾರ್ವರ್ಡರ್‌ಗೆ ಬರೆದು ಕಳಿಸಿದ್ದೆ. ಆಗ 20 ಪೆಟ್ಟಿಗೆಗೆ 1.92 ಘನ ಮೀಟರ್ ಆಗಬೇಕಿತ್ತು, ಆದರೆ ಹತ್ತಾರು ಜನರ ಸರಕು ಸೇರಿಸಿ ಕಂಟೇನರಿಗೆ ತುಂಬುವ ಸಿಎಫ್‌ಎಸ್ ಅನ್ನುವ ಸರಕು ಕಟ್ಟೆಯಲ್ಲಿ ಅಳೆದಾಗ 2.45 ಬಂದಿತ್ತು. ಅವರೇ ಮೋಸ ಮಾಡಿರಬೇಕೆಂದು ಆಗ ಗೊಣಗಿದ್ದೆ. ಈ ಸಲ ಫಾರ್ವರ್ಡರ್‌ಗೆ ಬರೆಯುವ ಮುಂಚೆ ಒಂದು ಪೆಟ್ಟಿಗೆ ತುಂಬಿಸಿ, ಟೇಪು ಹೊಡೆಸಿ, ಪಟ್ಟಿ ಬಿಗಿಸಿ ನೆಲದ ಮೇಲೆ ಇಟ್ಟೆ. ನೋಡಿದರೆ ಅದರ ನೆತ್ತಿ ಯುಗಾದಿ ಹೋಳಿಗೆಯ ಹಾಗೆ ಉಬ್ಬಿತ್ತು.

ನಮ್ಮಲ್ಲಿ ಟೇಪಿಗೆ ಬರವಿಲ್ಲ, ಪ್ರತಿ ಟೇಲರ್ ಕೊರಳಲ್ಲೂ ಒಂದು ನೇತಾಡುತ್ತಿರುತ್ತದೆ. ಆದರೆ ಬಟ್ಟೆಯ ಟೇಪು ಉಬ್ಬಿನ ಮೇಲೆ ಬಾಗಿ ಕೂರುತ್ತದೆ. ಅದರಲ್ಲಿ ಸಿಗುವುದು ಉಬ್ಬಿನ ಮೇಲ್ಮೈಯ ಉದ್ದ, ಪೆಟ್ಟಿಗೆ ತೆಗೆದುಕೊಳ್ಳುವ ಜಾಗ ಅಲ್ಲ. ನಮ್ಮ ಪ್ಯಾಕಿಂಗ್ ಮೇಸ್ತ್ರಿ ನನ್ನ ಒದ್ದಾಟ ನೋಡಿ, ‘ಅಣ್ಣಾ, ಹಂಗಲ್ಲ, ಗ್ವಾಡಿಗೆ ಹಚ್ರಿ’ ಎಂದು ಪೆಟ್ಟಿಗೆಯನ್ನು ಗೋಡೆಗೆ ಒತ್ತಿಟ್ಟ. ಈ ಕಡೆಯಿಂದ ಕಟಿಂಗ್ ಟೇಬಲ್ಲಿನ ಹಲಗೆಯೊಂದನ್ನು ತಾಗಿಸಿ ನೆಟ್ಟಗೆ ನಿಲ್ಲಿಸಿದ. ಗೋಡೆಗೂ ಹಲಗೆಗೂ ನಡುವೆ ಕಬ್ಬಿಣದ ಟೇಪಿನಲ್ಲಿ ಅಳೆದೆವು. ಮೂರೂ ದಿಕ್ಕಿಗೆ ಹಾಗೇ ಮಾಡಿದಾಗ ಬಂದದ್ದು 62×43×46. ಸಿಎಫ್‌ಎಸ್‌ನವರು ಹಿಡಿಯುವುದೂ ಹೀಗೇ, ಅತ್ತಿತ್ತ ಹೆಚ್ಚು ಚಾಚಿಕೊಂಡ ಬಿಂದುಗಳ ನಡುವೆ. ಹೋದ ಸಲ ಅವರು ಮೋಸ ಮಾಡಿರಲಿಲ್ಲ.

ಪೆಟ್ಟಿಗೆಯವನನ್ನು ಕೇಳಿದರೆ, ‘60-40-40 ಒಳಗಿನ ಅಳತಿ ರೀ, ಮಾಲು ಕೂಡೋ ಜಾಗ’ ಅಂದ. ಐದು ಪದರದ ರಟ್ಟಿನ ದಪ್ಪ ಅದರಲ್ಲಿ ಸೇರಿಲ್ಲ. ಅದು ಒಂದೆರಡು ಸೆಂಟಿಮೀಟರಿನ ಮಾತು. ಉಳಿದದ್ದೆಲ್ಲ ಉಬ್ಬಿನದ್ದೇ.

ಲೆಕ್ಕ ಸುಲಭ. ಸೆಂಟಿಮೀಟರಿನಲ್ಲಿ ಉದ್ದ, ಅಗಲ, ಎತ್ತರ ಗುಣಿಸಿ ಹತ್ತು ಲಕ್ಷದಿಂದ ಭಾಗಿಸಿದರೆ ಘನ ಮೀಟರ್. ಬಿಲ್ಲಿನ ಅಳತೆ ಹಿಡಿದರೆ 60 ಪೆಟ್ಟಿಗೆಗೆ 5.76 ಬರುತ್ತದೆ. ಗೋಡೆ-ಹಲಗೆಯ ಅಳತೆಯಲ್ಲಿ 7.36. ತೂಕ ಪೆಟ್ಟಿಗೆಗೆ 18.5 ಕಿಲೋದಂತೆ ಒಟ್ಟು 1,110 ಕಿಲೋ, ಅಂದರೆ 1.11 ಟನ್ನು. ಎಲ್‌ಸಿಎಲ್‌ನಲ್ಲಿ ಒಂದು ಘನ ಮೀಟರನ್ನು ಒಂದು ಟನ್ನಿಗೆ ಸಮ ಹಿಡಿದು, ಎರಡರಲ್ಲಿ ಯಾವುದು ದೊಡ್ಡದೋ ಅದಕ್ಕೆ ದರ ಹಾಕುತ್ತಾರೆ. ನನಗಂತೂ ತೂಕದ ಪ್ರಶ್ನೆಯೇ ಇಲ್ಲ, ದುಡ್ಡು ಕೊಡಬೇಕಾದದ್ದು ಜಾಗಕ್ಕೆ. ಹಾಗಾಗಿ ಆ ಉಬ್ಬಿನಲ್ಲಿ ಹೆಚ್ಚಿದ 1.6 ಘನ ಮೀಟರಿಗೂ ಹ್ಯಾಂಬರ್ಗಿನವರೆಗೆ ಬಾಡಿಗೆ ಕೊಡಬೇಕು. ಕೊಟ್ಟು ಒಯ್ಯುವುದು ಬರೀ ಗಾಳಿ.

ಉಬ್ಬಿಗೆ ಕಾರಣ ಮೇಸ್ತ್ರಿಗೆ ಗೊತ್ತಿತ್ತು, ಯಾರೂ ಕೇಳಿರಲಿಲ್ಲ ಅಷ್ಟೇ. ಪ್ಯಾಂಟನ್ನು ಮಡಿಚಿದಾಗ ಸೊಂಟದ ಪಟ್ಟಿ, ಬಟನ್, ರಿವೆಟ್ ಎಲ್ಲ ಒಂದು ತುದಿಗೆ ಬರುತ್ತವೆ. ನಮ್ಮವರು ಮೂವತ್ತನ್ನೂ ಒಂದೇ ಮುಖವಾಗಿ ಪೇರಿಸುತ್ತಿದ್ದರು. ಸೊಂಟದ ಕಡೆ ಗುಡ್ಡ, ಕಾಲಿನ ಕಡೆ ತಗ್ಗು. ಒಂದು ಆ ಕಡೆ, ಒಂದು ಈ ಕಡೆ ಮುಖ ಮಾಡಿ ಪೇರಿಸಿ ಅದೇ ಪೆಟ್ಟಿಗೆಗೆ ತುಂಬಿಸಿದೆವು. ಮತ್ತೆ ಗೋಡೆಗೆ ಹಚ್ಚಿ ಅಳೆದರೆ 62×42×42. ಒಟ್ಟು 6.56 ಘನ ಮೀಟರ್. ಒಂದು ಪೈಸೆ ಖರ್ಚಿಲ್ಲದೆ 0.8 ಘನ ಮೀಟರ್ ಇಳಿಯಿತು. ಇನ್ನೂ ಬಿಗಿಮಾಡಲು ನಿರ್ವಾತದ ಚೀಲದಲ್ಲಿ ಹಾಕಿ ಅಂತ ಯಾರೋ ಸಲಹೆ ಕೊಟ್ಟರು. ವಾಷ್ ಮಾಡಿದ ಜೀನ್ಸಿಗೆ ಬೀಳುವ ಸುಕ್ಕು ಬೇಗ ಬಿಡುವುದಿಲ್ಲ, ಅದಕ್ಕೆ ಕೈ ಹಾಕಲಿಲ್ಲ.

ಮೂವರು ಫಾರ್ವರ್ಡರ್‌ಗಳಿಗೆ ಒಂದೇ ಮೇಲ್ ಬರೆದೆ. ಸಿದ್ಧಪಡಿಸಿದ ಹತ್ತಿಯ ಪ್ಯಾಂಟು, ಕಸ್ಟಮ್ಸ್‌ನವರು ಸರಕು ಗುರುತಿಸುವ ಎಚ್‌ಎಸ್ ಕೋಡ್ 6203.42, ಪೆಟ್ಟಿಗೆ 60, ಹೊರ ಅಳತೆ ತುಂಬಿದ ಮೇಲೆ ತೆಗೆದದ್ದು, ಒಟ್ಟು ತೂಕ, ಒಂದರ ಮೇಲೊಂದು ಪೇರಿಸಬಹುದು, ಮಾಲು ಸಿದ್ಧವಾಗುವ ದಿನ ಇಂಥದ್ದು. ಪೇರಿಸಬಹುದು ಅನ್ನುವ ಮಾತು ಸಣ್ಣದೆಂದು ಬಿಡಬಾರದು. ಪೇರಿಸಲಾಗದ ಸರಕಿನ ಮೇಲಿನ ಖಾಲಿ ಜಾಗಕ್ಕೂ ದರ ಹಾಕುವವರಿದ್ದಾರೆ. ಕೊನೆಯಲ್ಲಿ, ಇಲ್ಲಿಯ ಖರ್ಚು, ಸಮುದ್ರದ ಬಾಡಿಗೆ, ಅಲ್ಲಿಯ ಖರ್ಚು ಮೂರನ್ನೂ ಬೇರೆ ಬೇರೆ ಬರೆಯಿರಿ, ಅಲ್ಲಿಯದ್ದನ್ನು ‘ಆಕ್ಚುಅಲ್ಸ್’ ಅಂತ ಬಿಡಬೇಡಿ ಎಂದು ಸೇರಿಸಿದೆ.

ಕರಾರು ಮಾತ್ರ ಹಳೆಯ ಅಭ್ಯಾಸದಂತೆ ಸಿಐಎಫ್ ಎಂದೇ ಹಾಕಿದ್ದೆ. ಅವತ್ತೇ ಸಂಜೆ ಬೆಂಗಳೂರಿನ ಫಾರ್ವರ್ಡರ್ ಒಬ್ಬರ ಆಫೀಸಿನಿಂದ ಒಬ್ಬ ಮೇಡಂ ಫೋನ್ ಮಾಡಿದರು.

‘ಸರ್, ನಿಮ್ಮ ಮಾಲು ಬೆಂಗಳೂರಿನ ಸಿಎಫ್‌ಎಸ್‌ನಲ್ಲಿ ನಮ್ಮ ಕೈಗೆ ಕೊಡ್ತೀರ. ಅದು ಅಲ್ಲೇ ಕಂಟೇನರಿಗೆ ತುಂಬಿ ಚೆನ್ನೈಗೆ ಹೋಗಿ ಹಡಗು ಹತ್ತೋಕೆ ಒಂದು ವಾರ ಬೇಕು. ಆ ವಾರದಲ್ಲಿ ಏನಾದರೂ ಆದರೆ ಯಾರ ತಲೆ ಮೇಲೆ?’

‘ನಿಮ್ಮ ಕೈಗೆ ಕೊಟ್ಟ ಮೇಲೆ ನನಗೇನು ಸಂಬಂಧ ಮೇಡಂ?’

‘ಸಿಐಎಫ್ ಅಂದರೆ ನಿಮ್ಮದೇ ಸರ್, ಹಡಗು ಹತ್ತೋವರೆಗೂ.’

ಹೌದಲ್ಲ! ಎಫ್‌ಒಬಿ, ಸಿಐಎಫ್ ಎರಡೂ ಸರಕನ್ನು ನೇರವಾಗಿ ಹಡಗಿಗೆ ಏರಿಸುವ ವ್ಯಾಪಾರಕ್ಕೆ ಮಾಡಿದ ಕರಾರುಗಳು. ಹೊಣೆ ದಾಟುವುದು ಹಡಗಿನ ಮೇಲೆ. ಕಂಟೇನರಿನ ಸರಕು ಅದಕ್ಕೆ ಎಷ್ಟೋ ದಿನ ಮುಂಚೆಯೇ ನಮ್ಮ ಕೈ ಬಿಟ್ಟಿರುತ್ತದೆ. ಅದಕ್ಕೆ ಹೊಂದುವುದು ಎಫ್‌ಸಿಎ ಅಥವಾ ಸಿಪಿಟಿ. ಎರಡರಲ್ಲೂ ಸಾಗಣೆಯವನ ಕೈಗೆ ಒಪ್ಪಿಸಿದ ಕೂಡಲೇ ಹೊಣೆ ಕೊಳ್ಳುವವನದ್ದು. ಎಫ್‌ಸಿಎ ಆದರೆ ಮುಂದಿನ ಬಾಡಿಗೆ ಅವನದ್ದು, ಸಿಪಿಟಿ ಆದರೆ ಹೆಸರಿಸಿದ ಊರಿನವರೆಗೆ ನಮ್ಮದು. ಸಿಪಿಟಿಯಲ್ಲಿ ವಿಮೆ ಮಾಡಿಸುವ ಕಟ್ಟುಪಾಡು ನಮಗಿಲ್ಲ. ವಿಮೆಯೂ ಸೇರಬೇಕೆಂದರೆ ಸಿಐಪಿ.

ನಾನು ಖರೀದಿದಾರರಿಗೆ ಬರೆದು, ಎಫ್‌ಸಿಎ ಬೆಂಗಳೂರಿಗೂ ಸಿಪಿಟಿ ಹ್ಯಾಂಬರ್ಗ್‌ಗೂ ಎರಡು ಬೆಲೆ ಕೊಡುವುದಾಗಿ ಹೇಳಿದೆ. ವಿಮೆ ತಮ್ಮ ವಾರ್ಷಿಕ ಪಾಲಿಸಿಯಲ್ಲೇ ಬರುತ್ತದೆ, ಸಿಪಿಟಿ ಮಾಡಿ, ಆದರೆ ಹ್ಯಾಂಬರ್ಗಿನ ಶುಲ್ಕ ಎಷ್ಟೆಂದು ಬುಕ್ ಮಾಡುವ ಮುಂಚೆ ಹೇಳಿ ಎಂದು ಉತ್ತರ ಬಂತು. ಹೋದ ಸಲದ 310 ಯೂರೋ ಅವರು ಮರೆತಿರಲಿಲ್ಲ. ಎಲ್‌ಸಿ, ಅಂದರೆ ಬ್ಯಾಂಕಿನ ಖಾತರಿ ಪತ್ರದ ಮೂಲಕ ಹಣ ಬರುವ ವ್ಯವಹಾರವಾದರೆ ಬ್ಯಾಂಕು ಯಾವ ಸಾಗಣೆ ಪತ್ರ ಕೇಳುತ್ತದೆ ಎಂದು ಮೊದಲೇ ನೋಡಿಕೊಳ್ಳಬೇಕಾಗುತ್ತಿತ್ತು. ನಮ್ಮದು ಸ್ವಲ್ಪ ಮುಂಗಡ, ಉಳಿದದ್ದು ಕಾಗದ ಕಳಿಸಿದ ಮೇಲೆ. ಆ ರಗಳೆ ಇರಲಿಲ್ಲ.

ಕೋಟ್‌ಗಳು ಬಂದವು. ಒಬ್ಬರು ‘ಎಲ್ಲ ಸೇರಿ ಇಷ್ಟು’ ಎಂದು ಒಂದೇ ಅಂಕಿ ಬರೆದಿದ್ದರು. ಬಿಡಿಸಿ ಬರೆಯಿರಿ ಅಂದದ್ದಕ್ಕೆ ಉತ್ತರವೇ ಬರಲಿಲ್ಲ, ಬಿಟ್ಟೆ. ಉಳಿದವರು ಇಬ್ಬರು. ಬೆಂಗಳೂರು ಸಿಎಫ್‌ಎಸ್ ಖರ್ಚು, ಕಸ್ಟಮ್ಸ್ ಕ್ಲಿಯರೆನ್ಸ್, ಬಿಎಲ್ ಅನ್ನುವ ಹಡಗಿನ ಸಾಗಣೆ ಪತ್ರದ ಶುಲ್ಕ ಇಬ್ಬರದ್ದೂ ಹೆಚ್ಚು ಕಡಿಮೆ ಒಂದೇ. ವ್ಯತ್ಯಾಸವೆಲ್ಲ ಮುಂದಿನ ದಾರಿಯಲ್ಲಿ. ಮೊದಲಿನವರು ಸಮುದ್ರಕ್ಕೆ ಘನ ಮೀಟರಿಗೆ 15 ಡಾಲರ್ ಕೇಳಿದ್ದರು, ಮೇಡಂ ಕಡೆಯವರು 55. ಹೋದ ವರ್ಷದ ನಾನಾಗಿದ್ದರೆ ಇಲ್ಲಿಗೇ ತೀರ್ಮಾನ ಮುಗಿಯುತ್ತಿತ್ತು. 6.56ರಿಂದ ಗುಣಿಸಿದರೆ ಒಬ್ಬರದ್ದು 98 ಡಾಲರ್, ಇನ್ನೊಬ್ಬರದ್ದು 361.

ಈ ಸಲ ಮೂರನೆಯ ಕಾಲಮ್ಮೂ ಕೈಯಲ್ಲಿತ್ತು. ಮೊದಲಿನವರ ಹ್ಯಾಂಬರ್ಗ್ ಖರ್ಚು ಘನ ಮೀಟರಿಗೆ 92 ಯೂರೋ, ಡೆಲಿವರಿ ಆರ್ಡರಿಗೆ 85, ಒಟ್ಟು 689 ಯೂರೋ. ಅಂಕಿ ನೋಡಿದ ಕೂಡಲೇ ಹಳೆಯ ಬಿಲ್ಲು ನೆನಪಾಯಿತು. ಕಂಪನಿ ಬೇರೆ, ಅಲ್ಲಿಯ ಜೊತೆಗಾರ ಅವನೇ ಇರಬೇಕು. ಮೇಡಂ ಕಡೆಯವರದ್ದು 45 ಮತ್ತು 65, ಒಟ್ಟು 360 ಯೂರೋ. ಅಂದರೆ ಮೊದಲಿನವರ ಹತ್ತಿರ ಹೋದರೆ ನನಗೆ 263 ಡಾಲರ್ ಉಳಿಯುತ್ತದೆ, ಅದಕ್ಕಾಗಿ ಖರೀದಿದಾರರು 329 ಯೂರೋ ಹೆಚ್ಚಿಗೆ ತೆರಬೇಕು. ನನ್ನ ಬಾಡಿಗೆ ಹೇಗೂ ಪ್ಯಾಂಟಿನ ಬೆಲೆಯಲ್ಲಿ ಸೇರಿರುತ್ತದೆ. ಮೇಡಂ ಕಡೆಯವರ ಹೆಚ್ಚಿನ ಬಾಡಿಗೆಯನ್ನು 1,800 ಪ್ಯಾಂಟಿಗೆ ಹಂಚಿದರೆ ಒಂದಕ್ಕೆ ಹದಿನೈದು ಸೆಂಟ್ ಹೆಚ್ಚು ಅಂತ ಅವರಿಗೆ ಎರಡೂ ಲೆಕ್ಕ ತೋರಿಸಿ ಬರೆದೆ. ಒಂದೇ ದಿನದಲ್ಲಿ ಒಪ್ಪಿಕೊಂಡರು.

ಇಷ್ಟರ ನಡುವೆ ದಿನದ ಲೆಕ್ಕವೊಂದು ಉಳಿದಿತ್ತು. 15 ಡಾಲರಿನವರು ಹಾಕಿದ್ದ ಟ್ರಾನ್ಸಿಟ್ 28 ದಿನ, ಮೇಡಂ ಹಾಕಿದ್ದು 43. ಕೇಳಲು 28 ಚೆನ್ನಾಗಿರುತ್ತದೆ. ಆದರೆ 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದಾಗಿನಿಂದ ದೊಡ್ಡ ಕಂಪನಿಗಳು ಸೂಯೆಜ್ ಬಿಟ್ಟು ಆಫ್ರಿಕಾದ ತುದಿ ಸುತ್ತಿಕೊಂಡು ಹೋಗುತ್ತಿದ್ದವು. ಹತ್ತು ದಿನದ ಮೇಲೆ ಹೆಚ್ಚು ಹಿಡಿಯುತ್ತಿತ್ತು. ಹಾಗಾದರೆ 28 ಎಲ್ಲಿಂದ ಬಂತು? ಯಾವ ಹಡಗು, ಎಲ್ಲಿ ಬದಲಾವಣೆ, ಯಾವ ದಾರಿ ಎಂದು ಮೂರು ಪ್ರಶ್ನೆ ಬರೆದು ಕಳಿಸಿದೆ. ಮರುದಿನ ‘ಪರಿಷ್ಕೃತ’ ಎಂಬ ತಲೆಬರಹದಲ್ಲಿ 44 ದಿನವಾಗಿ ಬಂತು. ಹಳೆಯ ಪಟ್ಟಿಯಿಂದ ಎತ್ತಿ ಅಂಟಿಸಿದ್ದರು ಅಷ್ಟೇ, ಸುಳ್ಳು ಹೇಳುವ ಉದ್ದೇಶವೂ ಇದ್ದಿರಲಿಕ್ಕಿಲ್ಲ. ದರದ ಸಾಲನ್ನು ಹೊಸದು ಮಾಡುತ್ತಾರೆ, ದಿನದ ಸಾಲನ್ನು ಯಾರೂ ಮುಟ್ಟುವುದಿಲ್ಲ.

ಮೇಡಂ ಹೇಳಿದ 43 ಕೂಡ ನನಗೆ ಬೇಕಾದ ಉತ್ತರವಾಗಿರಲಿಲ್ಲ. ಅದು ಚೆನ್ನೈ ಬಿಟ್ಟಲ್ಲಿಂದ ಹ್ಯಾಂಬರ್ಗ್ ಮುಟ್ಟುವವರೆಗಿನದ್ದು. ಖರೀದಿದಾರರಿಗೆ ಬೇಕಾದದ್ದು ತಮ್ಮ ಲಾರಿ ಯಾವತ್ತು ಹೋಗಿ ಪೆಟ್ಟಿಗೆ ಎತ್ತಬಹುದು ಎಂಬುದು. ‘ನನ್ನ ಗೇಟಿನಿಂದ ಅವರ ಲಾರಿವರೆಗೆ ಹೇಳಿ ಮೇಡಂ’ ಅಂದೆ. ಅವರು ಫೋನಿನಲ್ಲೇ ದಿನ ಎಣಿಸಿದರು. ಭಾನುವಾರ ರಾತ್ರಿ ಬಳ್ಳಾರಿ ಬಿಟ್ಟರೆ ಸೋಮವಾರ ಬೆಳಗ್ಗೆ ಸಿಎಫ್‌ಎಸ್. ಮಾಲು ಒಪ್ಪಿಸುವ ಕಟಾಫ್ ಮಂಗಳವಾರ ಮಧ್ಯಾಹ್ನ. ತಪ್ಪಿದರೆ ಮುಂದಿನ ವಾರದ ಕಂಟೇನರ್, ಅಲ್ಲಿಗೆ ಏಳು ದಿನ ಹೋಯಿತು. ಮುಂದಿನ ಭಾನುವಾರ ಚೆನ್ನೈಯಿಂದ ಹಡಗು. ಕೊಲಂಬೊದಲ್ಲಿ ದೊಡ್ಡ ಹಡಗಿಗೆ ಬದಲಾವಣೆ, ಆದರೆ ಕಂಟೇನರ್ ಬಿಚ್ಚುವುದಿಲ್ಲ. ಬಿಚ್ಚಿ ಬೇರೆ ಕಂಟೇನರಿಗೆ ತುಂಬುವವರೂ ಇದ್ದಾರೆ, ಅಲ್ಲಿ ಪೆಟ್ಟಿಗೆ ಜಜ್ಜಿ ಹೋಗುವುದು ಹೆಚ್ಚು. ಹ್ಯಾಂಬರ್ಗ್ ಮುಟ್ಟಿದ ಮೇಲೆ ಕಂಟೇನರ್ ಗೋದಾಮಿಗೆ ಹೋಗಿ, ಬಿಚ್ಚಿ, ನಮ್ಮ ಪೆಟ್ಟಿಗೆ ಬೇರ್ಪಡಿಸಲು ನಾಲ್ಕರಿಂದ ಆರು ದಿನ.

ಸೋಮವಾರದಿಂದ ಎಣಿಸಿ 54ರಿಂದ 56ನೆಯ ದಿನ. ನಾನು ಖರೀದಿದಾರರಿಗೆ 60 ಎಂದು ಬರೆದೆ. ಕೊಲಂಬೊದಲ್ಲಿ ಹಡಗು ತಪ್ಪುವುದು ಅಪರೂಪವಲ್ಲ ಎಂದು ಮೇಡಂ ಹೇಳಿದ್ದರು. ಇದನ್ನು ಮಾತಿನಲ್ಲಿ ಹೇಳಿದವರೇ ಮೇಲ್‌ನಲ್ಲಿ ‘ಅಂದಾಜು, ಗ್ಯಾರಂಟಿ ಇಲ್ಲ’ ಎಂದೂ ಸೇರಿಸಿದರು. ಅದು ಎಲ್ಲರೂ ಸೇರಿಸುವ ಸಾಲು. ದರದ ಅವಧಿ ತಿಂಗಳ ಕೊನೆಯವರೆಗೆ ಇತ್ತು. ಅದು ಬುಕ್ ಮಾಡುವ ದಿನಕ್ಕೋ ಹಡಗು ಹೊರಡುವ ದಿನಕ್ಕೋ ಎಂದು ಕೇಳಿಕೊಂಡೆ. ಹಡಗಿನ ದಿನಕ್ಕಂತೆ. ವಾಷಿಂಗಿನವನ ಹತ್ತಿರ ಕೂತು ಕೊನೆಯ ನಾನೂರು ಪ್ಯಾಂಟು ಶನಿವಾರ ರಾತ್ರಿ ಹನ್ನೊಂದಕ್ಕೆ ಬಿಡಿಸಿಕೊಂಡು ಬಂದದ್ದು ಅದಕ್ಕೇ.

ಸಿಎಫ್‌ಎಸ್‌ನಲ್ಲಿ ಅಳೆದಾಗ 6.61 ಬಂತು. ಪಟ್ಟಿ ಸಡಿಲವಾಗಿದ್ದ ಎರಡು-ಮೂರು ಪೆಟ್ಟಿಗೆ ದಾರಿಯಲ್ಲಿ ಸ್ವಲ್ಪ ಉಬ್ಬಿದ್ದವಂತೆ. ಅದಕ್ಕೆ ನಾನು ಜಗಳ ತೆಗೆಯಲಿಲ್ಲ. ಹಡಗು ಎರಡು ದಿನ ತಡವಾಯಿತು, ಪೆಟ್ಟಿಗೆ ಕೈಗೆ ಸಿಕ್ಕದ್ದು 58ನೆಯ ದಿನ. ಮರುದಿನ ಖರೀದಿದಾರರು ಅಲ್ಲಿಯ ಏಜೆಂಟಿನ ಬಿಲ್ಲನ್ನು ನನಗೂ ಕಳಿಸಿದರು. ನಾನು 360 ಎಂದಿದ್ದೆ, ಬಿಲ್ಲು 362 ಯೂರೋ 45 ಸೆಂಟ್ ಇತ್ತು. ಆ ಎರಡು ಯೂರೋ ಯಾವ ಪೆಟ್ಟಿಗೆಯದ್ದು ಅಂತ ಮೇಸ್ತ್ರಿಗೆ ಹೇಳಿದೆ. ‘ಹಂಗಾದ್ರ ಪಟ್ಟಿ ಇನ್ನೊಂದು ಸುತ್ತು ಹಾಕೋಣ ಬಿಡ್ರಿ ಅಣ್ಣಾ’ ಅಂದು ಮುಂದಿನ ಪೆಟ್ಟಿಗೆಯನ್ನು ಗೋಡೆಗೆ ಹಚ್ಚಿದ.